ಟುಂಗ್ ಟುಂಗ್ ಸಹೂರ್, ಸಿಕ್ಸ್ ಸೆವೆನ್: ಮಗುವಿನ ಬಾಯಿಗೆ ಬಂದ ಪದದ ಮೂಲ ಹುಡುಕುವುದು ಹೇಗೆ

ಊಟಕ್ಕೆ ಕೂತ ಮೂರನೇ ಕ್ಲಾಸಿನ ಹುಡುಗ ಚಮಚದಿಂದ ತಟ್ಟೆ ಕುಟ್ಟುತ್ತಾ "ಟುಂಗ್ ಟುಂಗ್ ಟುಂಗ್ ಟುಂಗ್ ಸಹೂರ್" ಅನ್ನುತ್ತಾನೆ. ಎಷ್ಟು ಚಪಾತಿ ಹಾಕಲಿ ಎಂದು ಕೇಳಿದರೆ "ಸಿಕ್ಸ್ ಸೆವೆನ್" ಎಂದು ಎರಡೂ ಅಂಗೈ ಮೇಲೆ ಮಾಡಿ, ತಕ್ಕಡಿಯ ತಟ್ಟೆಗಳ ಹಾಗೆ ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುತ್ತಾನೆ. ಹಾಗೆಂದರೇನು ಎಂದು ಕೇಳಿದರೆ ಉತ್ತರವಿಲ್ಲ, ನಗು ಮಾತ್ರ. ಅಪ್ಪ ಅಮ್ಮನ ತಲೆಯಲ್ಲಿ ಆಗ ಎರಡು ಚಿಂತೆ ಒಟ್ಟಿಗೆ ಏಳುತ್ತವೆ. ಇವನ ತಲೆ ಕೆಟ್ಟಿತೇ ಎಂಬುದು ಒಂದು. ಇದು ಯಾವುದೋ ಹೊಲಸು ಮಾತೇ ಎಂಬುದು ಇನ್ನೊಂದು. ಇವೆರಡು ಬೇರೆ ಬೇರೆ ಪ್ರಶ್ನೆಗಳು, ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲನೆಯದನ್ನು ಬೇಗ ಮುಗಿಸಬಹುದು. ಇಂಥ ಮಾತುಗಳಿಗೆ ಅಂಟಿಕೊಂಡಿರುವ "ಬ್ರೈನ್ ರಾಟ್", ಅಂದರೆ ಮಿದುಳು ಕೊಳೆಯುವುದು, ಯಾವ ಕಾಯಿಲೆಯ ಹೆಸರೂ ಅಲ್ಲ. ಹುರುಳಿಲ್ಲದ ವಿಡಿಯೋಗಳಿಗೂ, ಅವನ್ನು ನೋಡಿ ನೋಡಿ ಮಂಕಾದ ಮನಸ್ಸಿಗೂ ಇಂಟರ್ನೆಟ್ಟಿನ ಜನರೇ ತಮಾಷೆಗೆ ಇಟ್ಟುಕೊಂಡ ಹೆಸರು. 2024ರಲ್ಲಿ ಆಕ್ಸ್‌ಫರ್ಡ್ ಅದನ್ನು ವರ್ಷದ ಪದವೆಂದು ಆರಿಸಿತು. ಏಳರಿಂದ ಹನ್ನೆರಡು ವರ್ಷದ ಮಗು ಅರ್ಥವಿಲ್ಲದ ಸದ್ದನ್ನು ನೂರು ಸಲ ಹೇಳಿ ಖುಷಿಪಡುವುದು ಹೊಸದೇನಲ್ಲ. "ಅವಲಕ್ಕಿ ಪವಲಕ್ಕಿ ಕಾಂಚಣ ಮಿಣಮಿಣ ಡಾಂ ಡೂಂ ಟಸ್ ಪುಸ್ ಕೊಂಯ್ ಕೊಟಾರ್" ಎಂದು ಕೈ ಎಣಿಸಿ ಆಡಿದವರೇ ಈಗ ಅಪ್ಪ ಅಮ್ಮ ಆಗಿರುವುದು. ಪ್ರತಿ ಅಕ್ಷರಕ್ಕೂ ಒಂದೊಂದು "ಪ" ಸೇರಿಸಿ ದೊಡ್ಡವರಿಗೆ ತಿಳಿಯದ ಹಾಗೆ ಮಾತಾಡಿದವರೂ ನಾವೇ. ಕೊಟಾರ್ ಎಂದರೇನು ಎಂದು ಯಾರೂ ಕೇಳಲಿಲ್ಲ, ಯಾರ ಕನ್ನಡವೂ ಅದರಿಂದ ಹಾಳಾಗಲಿಲ್ಲ.

ಆದರೆ ಒಂದು ವ್ಯತ್ಯಾಸವಿದೆ. ಅವಲಕ್ಕಿ ಪವಲಕ್ಕಿ ಪಕ್ಕದ ಮನೆಯ ಜಗಲಿಯಿಂದ ಬಂದದ್ದು. ಟುಂಗ್ ಟುಂಗ್ ಸಹೂರ್ ಬಂದದ್ದು ಇಂಡೋನೇಷ್ಯದಿಂದ, "ಟ್ರಲಲೇರೊ ಟ್ರಲಲಾ" ಇಟಲಿಯಿಂದ, ಸಿಕ್ಸ್ ಸೆವೆನ್ ಅಮೆರಿಕದಿಂದ. ಮಗುವಿಗೆ ಸದ್ದು ಮಾತ್ರ ತಲುಪಿದೆ. ಸದ್ದಿನ ಹಿಂದಿನ ಮಾತು ದಾರಿಯಲ್ಲೇ ಉದುರಿಹೋಗಿದೆ. ಆ ಉದುರಿದ ಮಾತು ಕೆಲವು ಸಲ ಬರೀ ಟೊಳ್ಳು, ಕೆಲವು ಸಲ ನಿಜಕ್ಕೂ ಕೆಟ್ಟದ್ದು. ಕಿವಿಯಲ್ಲಿ ಕೇಳಿ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಹಾಗಾಗಿ ಬೈಯುವ ಮುಂಚೆ, ನಗುವ ಮುಂಚೆಯೂ, ಒಂದು ಕಾಲು ಗಂಟೆ ಕೂತು ಪದದ ಮೂಲ ನೋಡಿಬಿಡುವುದು ಒಳ್ಳೆಯದು.

ಹೆಜ್ಜೆ 1: ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಳ್ಳಿ

ಫೋನಿನ ನೋಟ್ಸಿನಲ್ಲಿ ಮೂರು ವಿಷಯ ಬರೆದರೆ ಸಾಕು. ಒಂದು, ಪದ, ಮಗು ಉಚ್ಚರಿಸಿದ ಹಾಗೇ. ಎರಡು, ಅದರ ಜೊತೆ ಮಾಡಿದ ಕೈಸನ್ನೆ ಅಥವಾ ರಾಗ. ಮೂರು, ಯಾವಾಗ ಹೇಳಿತು: ಸುಮ್ಮನೆ ಆಡುವಾಗಲೋ, ಪ್ರಶ್ನೆಗೆ ಉತ್ತರ ತಪ್ಪಿಸಲೋ, ಯಾರನ್ನಾದರೂ ಅಣಕಿಸಲೋ. ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಮುಂದೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. "ಸಿಗ್ಮಾ", ಅಂದರೆ ಯಾರಿಗೂ ಬಗ್ಗದ ಒಂಟಿ ಗಂಡು, ಎಂದು ತನ್ನನ್ನೇ ಹೊಗಳಿಕೊಳ್ಳುವ ಹುಡುಗನೂ, ಪಕ್ಕದ ಹುಡುಗಿಯ ಮೈ ನೋಡಿ "ಗ್ಯಾಟ್" ಎಂದು ಕೂಗುವ ಹುಡುಗನೂ ಒಂದೇ ಸಾಲಿನಲ್ಲಿ ನಿಲ್ಲುವವರಲ್ಲ.

ಈ ಹಂತದಲ್ಲಿ ಮಗುವಿನ ಫೋನ್ ಕಿತ್ತುಕೊಂಡು ಜಾಲಾಡಬೇಡಿ. ಆ ವಿಡಿಯೋವನ್ನು ಮಗು ನೋಡಿಯೇ ಇಲ್ಲದಿರಬಹುದು. ಸ್ಕೂಲ್ ವ್ಯಾನಿನಲ್ಲಿ ಒಬ್ಬ ಹೇಳಿದರೆ ಸಂಜೆಯೊಳಗೆ ಇಡೀ ಅಪಾರ್ಟ್‌ಮೆಂಟಿನ ಮಕ್ಕಳ ಬಾಯಲ್ಲಿರುತ್ತದೆ. ಮನೆಯಲ್ಲಿ ಸ್ಮಾರ್ಟ್‌ಫೋನನ್ನೇ ಮುಟ್ಟದ ಮಗುವೂ ಸಿಕ್ಸ್ ಸೆವೆನ್ ಅನ್ನುತ್ತದೆ.

ಹೆಜ್ಜೆ 2: ಹುಡುಕಿ, ಆದರೆ ಇನ್‌ಕಾಗ್ನಿಟೋದಲ್ಲಿ

ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ಒಂದು ಎಡವಟ್ಟು ಆಗುತ್ತದೆ. ಮಗು ನೋಡುವುದು ಅಮ್ಮನ ಫೋನಿನ ಯೂಟ್ಯೂಬ್. ಅಮ್ಮ ಅದೇ ಫೋನಿನಲ್ಲಿ, ಅದೇ ಅಕೌಂಟಿನಲ್ಲಿ ಆ ಪದ ಹುಡುಕಿ, ಗಾಬರಿಯಿಂದ ನಾಲ್ಕು ವಿಡಿಯೋ ಪೂರ್ತಿ ನೋಡುತ್ತಾರೆ. ಯೂಟ್ಯೂಬಿಗೆ ಗಾಬರಿಯೂ ಗೊತ್ತಿಲ್ಲ, ಖುಷಿಯೂ ಗೊತ್ತಿಲ್ಲ. ಹುಡುಕಿದರು, ಕೊನೆಯವರೆಗೂ ನೋಡಿದರು ಎಂಬುದಷ್ಟೇ ಅದರ ಲೆಕ್ಕ. ಮಾರನೇ ದಿನದಿಂದ ಅದೇ ಸರಕು ಇನ್ನಷ್ಟು ಬರುತ್ತದೆ.

ನೋಡಿದ್ದು ಅಕೌಂಟಿನ ಲೆಕ್ಕಕ್ಕೆ ಸೇರದ ಹಾಗೆ ಮಾಡುವುದೇ ಇನ್‌ಕಾಗ್ನಿಟೋ. ಆದ್ದರಿಂದ ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ `New Incognito tab` ತೆರೆಯಿರಿ. ಯೂಟ್ಯೂಬ್ ಆಪ್ ಒಳಗೇ ನೋಡುವುದಾದರೆ ಅಕೌಂಟಿನ ಚಿತ್ರ ಒತ್ತಿ `Turn on Incognito` ಮಾಡಿಕೊಳ್ಳಿ. ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಕೇಳಿಸಿತೋ ಹಾಗೆ ಬರೆದು, ಪಕ್ಕದಲ್ಲಿ `meme origin` ಎಂದು ಸೇರಿಸಿ ಹುಡುಕಿ. ಕಾಗುಣಿತ ತಪ್ಪಿದರೂ ಗೂಗಲ್ ಸಾಮಾನ್ಯವಾಗಿ ಸರಿಪಡಿಸಿಕೊಳ್ಳುತ್ತದೆ. `knowyourmeme.com` ಎಂಬ ಸೈಟ್ ಈ ಕೆಲಸಕ್ಕೇ ಇರುವುದು. ಅದರ ಪುಟದಲ್ಲಿ `Origin` ಎಂಬ ಭಾಗಕ್ಕೆ ನೇರವಾಗಿ ಹೋಗಿ. ಮೊದಲ ವಿಡಿಯೋ ಯಾವುದು, ಅದರಲ್ಲಿ ಏನು ಹೇಳಿದ್ದರು ಎಂಬುದು ಅಲ್ಲಿ ಸಿಗುತ್ತದೆ. ಮಗು ಪಕ್ಕದಲ್ಲಿ ಇಲ್ಲದಾಗ ನೋಡಿ, ಏಕೆಂದರೆ ಆ ಸೈಟ್ ಮಕ್ಕಳಿಗಾಗಿ ಮಾಡಿದ್ದಲ್ಲ. ರೀಲ್ಸಿನಲ್ಲಿ "ಈ ಪದದ ಕರಾಳ ರಹಸ್ಯ" ಎಂದು ಹೆದರಿಸುವ ವಿಡಿಯೋಗಳನ್ನು ಮಾತ್ರ ನಂಬಬೇಡಿ. ಅವೂ ಅದೇ ಸಂತೆಯ ಅಂಗಡಿಗಳು.

ಹೆಜ್ಜೆ 3: ಯಾವ ಬುಟ್ಟಿಗೆ ಹಾಕಬೇಕು?

ಮೂಲ ಸಿಕ್ಕ ಮೇಲೆ ಪದ ಮೂರರಲ್ಲಿ ಒಂದು ಬುಟ್ಟಿಗೆ ಬೀಳುತ್ತದೆ: ಟೊಳ್ಳು, ಕೊಳಕು ಬೇರು, ಅಥವಾ ಬಾಲ ಉದ್ದವಿರುವಂಥದ್ದು.

ಟೊಳ್ಳಿಗೆ ಸಿಕ್ಸ್ ಸೆವೆನ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಫಿಲಡೆಲ್ಫಿಯಾದ ಸ್ಕ್ರಿಲ್ಲಾ ಎಂಬ ರ‍್ಯಾಪರ್‌ನ ಹಾಡೊಂದರಲ್ಲಿ ಈ ಎರಡು ಅಂಕಿ ಬರುತ್ತವೆ. ಆ ತುಣುಕನ್ನು ಆರು ಅಡಿ ಏಳು ಇಂಚು ಎತ್ತರದ ಬಾಸ್ಕೆಟ್‌ಬಾಲ್ ಆಟಗಾರ ಲಮೆಲೊ ಬಾಲ್‌ನ ವಿಡಿಯೋಗಳಿಗೆ ಜೋಡಿಸಿದರು. 2025ರಲ್ಲಿ ಒಂದು ಪಂದ್ಯದ ಗ್ಯಾಲರಿಯಲ್ಲಿ ಹುಡುಗನೊಬ್ಬ ಕ್ಯಾಮೆರಾಕ್ಕೆ ಮುಖ ಕೊಟ್ಟು ಕೈ ಆಡಿಸುತ್ತಾ ಅದನ್ನೇ ಕೂಗಿದ. ಅಷ್ಟೇ ಕಥೆ. ಅರ್ಥವೇನು ಎಂದು ಕೇಳಿದರೆ ಹಾಡಿದವನೇ ತಾನು ಯಾವ ಅರ್ಥವನ್ನೂ ಇಟ್ಟಿಲ್ಲ ಎಂದಿದ್ದಾನೆ. ಅದೇ ವರ್ಷ ಡಿಕ್ಷನರಿ ಡಾಟ್ ಕಾಮ್ ಇದನ್ನು ವರ್ಷದ ಪದವಾಗಿ ಆರಿಸಿತು. ಮಗುವಿಗೆ ಇದರಲ್ಲಿರುವ ಮಜಾ ಒಂದೇ: ನಮಗೆ ಗೊತ್ತು, ದೊಡ್ಡವರಿಗೆ ಗೊತ್ತಿಲ್ಲ. "ಸ್ಕಿಬಿಡಿ" ಕೂಡ ಹೆಚ್ಚುಕಡಿಮೆ ಇದೇ ಜಾತಿ. ಕಮೋಡಿನಿಂದ ತಲೆ ಹೊರಗೆ ಹಾಕಿ ಹಾಡುವ ಗೊಂಬೆಗಳ ಯೂಟ್ಯೂಬ್ ಸರಣಿ 2023ರ ಫೆಬ್ರವರಿಯಲ್ಲಿ ಶುರುವಾಯಿತು, ಪದ ಅಲ್ಲಿಂದ ಹರಡಿತು. ಒಳ್ಳೆಯದು, ಕೆಟ್ಟದ್ದು, ಏನೂ ಅಲ್ಲ, ಮೂರಕ್ಕೂ ಮಕ್ಕಳು ಅದನ್ನೇ ಬಳಸುತ್ತಾರೆ. ನಮ್ಮ ಕಡೆಯ "ಚಿನ್ ತಪಾಕ್ ಡಂ ಡಂ" ಅಂತೂ ಛೋಟಾ ಭೀಮ್ ಕಾರ್ಟೂನಿನ ಖಳನೊಬ್ಬನ ಮಾತು, 2024ರ ಕೊನೆಯಲ್ಲಿ ಮೀಮ್ ಆಗಿ ಓಡಿತು.

ಎರಡನೆಯ ಬುಟ್ಟಿ ಕೊಳಕು ಬೇರಿನದು. 2025ರ ಶುರುವಿನಲ್ಲಿ "ಇಟಾಲಿಯನ್ ಬ್ರೈನ್‌ರಾಟ್" ಎಂಬ ಹೆಸರಿನಲ್ಲಿ ವಿಚಿತ್ರ ಪ್ರಾಣಿಗಳ ಒಂದು ದಂಡೇ ಬಂತು. ಕಂಪ್ಯೂಟರಿನಲ್ಲಿ ಹುಟ್ಟಿಸಿದ ಚಿತ್ರಕ್ಕೆ ಕಂಪ್ಯೂಟರಿನದೇ ಇಟಾಲಿಯನ್ ದನಿ ಓದುವ ಪ್ರಾಸ. ಶೂ ಹಾಕಿಕೊಂಡ ಮೂರು ಕಾಲಿನ ಶಾರ್ಕ್ ಟ್ರಲಲೇರೊ ಟ್ರಲಲಾ. ಯುದ್ಧವಿಮಾನದ ಮೈ, ಮೊಸಳೆಯ ತಲೆ ಇರುವುದು ಬೊಂಬಾರ್ಡಿರೊ ಕ್ರೊಕೊಡಿಲೊ. ತಲೆಯ ಜಾಗದಲ್ಲಿ ಕಾಫಿ ಕಪ್ಪು ಇರುವ ನರ್ತಕಿ ಬಲ್ಲೆರಿನಾ ಕಪ್ಪುಚಿನಾ. ನೋಡಿದರೆ ಮಕ್ಕಳ ಪುಸ್ತಕದ ಚಿತ್ರದ ಹಾಗೇ ಇವೆ. ಆದರೆ ಟ್ರಲಲೇರೊದ ಮೂಲ ಆಡಿಯೋದಲ್ಲಿ ಪ್ರಾಸದ ಬೆನ್ನಿಗೇ ದೇವರನ್ನೂ ಅಲ್ಲಾಹನನ್ನೂ ಹಂದಿಗೆ ಹೋಲಿಸುವ ಇಟಾಲಿಯನ್ ಬೈಗುಳವಿದೆ. ಬೊಂಬಾರ್ಡಿರೊದ ಮೂಲ ಆಡಿಯೋ ಗಾಜಾದ ಮಕ್ಕಳ ಮೇಲೆ ಬಾಂಬು ಹಾಕುವ ಬಗ್ಗೆ ತಮಾಷೆ ಮಾಡುತ್ತದೆ. ಆಮೇಲೆ ಬಂದ ಎಷ್ಟೋ ವಿಡಿಯೋಗಳಲ್ಲಿ ಹೆಸರು ಮಾತ್ರ ಉಳಿದು ಆ ಸಾಲುಗಳು ಬಿದ್ದುಹೋಗಿವೆ. ಹಾಗಾಗಿ "ಟ್ರಲಲೇರೊ ಟ್ರಲಲಾ" ಎಂದಷ್ಟೇ ಹೇಳುವ ಮಗು ಏನೂ ತಪ್ಪು ಮಾಡುತ್ತಿಲ್ಲ. ಹೆಸರು ಆದ ಮೇಲೆ ಇಟಾಲಿಯನ್ ಸಾಲು ಪೂರ್ತಿ ಒಪ್ಪಿಸುತ್ತಿದ್ದರೆ ಮಾತ್ರ ತಡೆಯಬೇಕು. ಗುರುತು ಸುಲಭ: ಹೆಸರಿನ ನಂತರ "ಪೊರ್ಕೊ" ಎಂಬ ಸದ್ದು ಬಂತೆಂದರೆ ಅದು ಬೈಗುಳದ ಭಾಗ.

ಇದೇ ಬುಟ್ಟಿಯಲ್ಲಿ ಇನ್ನೆರಡು ಪದಗಳಿವೆ, ಇವು ಇಂಗ್ಲಿಷಿನವು. "ಗ್ಯಾಟ್" ಹೆಣ್ಣಿನ ಮೈ ನೋಡಿ, ಅದರಲ್ಲೂ ಹಿಂಭಾಗ ನೋಡಿ, ಹೊಡೆಯುವ ಉದ್ಗಾರ. "ಗೂನ್", "ಗೂನಿಂಗ್" ಎಂದರೆ ಅಶ್ಲೀಲ ವಿಡಿಯೋ ನೋಡುತ್ತಾ ಹೊತ್ತುಗಟ್ಟಲೆ ಹಸ್ತಮೈಥುನ ಮಾಡುವುದು. ಹತ್ತು ವರ್ಷದ ಮಗು ಈ ಪದ ಹೇಳಿತೆಂದರೆ ಅಂಥದ್ದನ್ನು ನೋಡಿದೆ ಎಂದು ತೀರ್ಮಾನಿಸಬೇಕಾಗಿಲ್ಲ. "ಹುಚ್ಚಾಟ ಮಾಡಬೇಡ" ಎನ್ನುವಷ್ಟೇ ಹಗುರವಾಗಿ ಬಳಸುವ ಮಕ್ಕಳು ಬೇಕಾದಷ್ಟಿದ್ದಾರೆ. ಆದರೂ ಅರ್ಥ ಗೊತ್ತಿರುವವರ ಮುಂದೆ ಮಗು ಪೇಚಿಗೆ ಸಿಕ್ಕುತ್ತದೆ, ಸ್ಕೂಲಿನಲ್ಲಿ ದೂರೂ ಬರಬಹುದು.

ಮೂರನೆಯ ಬುಟ್ಟಿಯ ಪದಗಳು ಕೇಳಲು ಸಭ್ಯ. ತೊಂದರೆ ಪದದಲ್ಲಿಲ್ಲ, ಅದರ ಬಾಲದಲ್ಲಿದೆ. ಟೀಚರ್ ಪ್ರಶ್ನೆ ಕೇಳಿದಾಗ ಹುಡುಗ ಬಾಯಿಯ ಮೇಲೆ ಬೆರಳಿಟ್ಟು, ಆಮೇಲೆ ಆ ಬೆರಳನ್ನು ದವಡೆಯ ಗೆರೆಯುದ್ದಕ್ಕೂ ಎಳೆದು ಸುಮ್ಮನಾಗುತ್ತಾನೆ. ಇದು "ಮ್ಯೂಯಿಂಗ್". ಬ್ರಿಟನ್ನಿನ ದಂತವೈದ್ಯ ಜಾನ್ ಮ್ಯೂ ಹೆಸರಿನಿಂದ ಬಂದದ್ದು. ನಾಲಿಗೆಯನ್ನು ಬಾಯಿಯ ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ಚೂಪಾಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ, ಪುರಾವೆ ಇಲ್ಲ. "ನಾನು ಮ್ಯೂ ಮಾಡ್ತಿದ್ದೀನಿ, ಮಾತಾಡಲ್ಲ" ಎಂಬುದು ಕ್ಲಾಸಿನ ತಮಾಷೆ, ಅಷ್ಟಕ್ಕೆ ನಿಂತರೆ ತೊಂದರೆಯಿಲ್ಲ. ಆದರೆ ಮ್ಯೂಯಿಂಗ್, ಸಿಗ್ಮಾ, ಅಂದದಲ್ಲಿ ಇನ್ನೊಬ್ಬನನ್ನು ಮೀರಿಸುವ ಮಾಗಿಂಗ್, ಅಂದ ಹೆಚ್ಚಿಸಿಕೊಳ್ಳಲು ಹೆಣಗುವ ಲುಕ್ಸ್‌ಮ್ಯಾಕ್ಸಿಂಗ್ ಎಲ್ಲ ಒಂದೇ ಓಣಿಯ ಮನೆಗಳು. ಒಂದರ ಬಾಗಿಲು ತಟ್ಟಿದರೆ ಫೀಡ್ ಉಳಿದವನ್ನೂ ತೋರಿಸುತ್ತದೆ. ಆ ಓಣಿಯ ಕೊನೆಯಲ್ಲಿರುವುದು ಮುಖದ ಅಳತೆ ಹಿಡಿದು ಗಂಡಸರಿಗೆ ದರ್ಜೆ ಕೊಡುವ, ಹೆಣ್ಣುಮಕ್ಕಳನ್ನು ಹೀಗಳೆಯುವ ವಿಡಿಯೋಗಳು. ಹನ್ನೆರಡು ಹದಿಮೂರರ ಹುಡುಗ ಕನ್ನಡಿಯ ಮುಂದೆ ಹೊತ್ತು ಕಳೆಯುವುದು, ಊಟ ಬಿಡುವುದು, ಫೋಟೋಕ್ಕೆ ನಿಲ್ಲಲು ಒಪ್ಪದಿರುವುದು ಈ ಪದಗಳ ಜೊತೆಗೇ ಶುರುವಾಗಿದ್ದರೆ ಆಗ ಚಿಂತೆಗೆ ಕಾರಣವಿದೆ. ನನ್ನ ಲೆಕ್ಕದಲ್ಲಿ ಕೊಳಕು ಬೇರಿನ ಪದಗಳಿಗಿಂತ ಇವೇ ಹೆಚ್ಚು ಗಮನ ಬೇಡುವಂಥವು, ಏಕೆಂದರೆ ಇವಕ್ಕೆ ಯಾರೂ ಬೆಚ್ಚುವುದಿಲ್ಲ.

ಒಂದು ಪದ, ಮೊದಲಿನಿಂದ ಕೊನೆಯವರೆಗೆ

ತಟ್ಟೆ ಕುಟ್ಟುತ್ತಿದ್ದ ಹುಡುಗನಿಗೆ ಮರಳೋಣ. ಬರೆದುಕೊಂಡದ್ದು: ಟುಂಗ್ ಎಂಬುದು ಹಲವು ಸಲ, ಕೊನೆಗೆ ಸಹೂರ್; ಜೊತೆಗೆ ಏನನ್ನಾದರೂ ಕುಟ್ಟುತ್ತಾನೆ; ಆಡುವಾಗ ಮಾತ್ರ ಹೇಳುತ್ತಾನೆ. ಹುಡುಕಿದರೆ ಸಿಗುವುದಿಷ್ಟು. ಇದು ಇಟಾಲಿಯನ್ ಗುಂಪಿನಲ್ಲಿ ಸೇರಿಹೋದರೂ ಹುಟ್ಟಿದ್ದು ಇಂಡೋನೇಷ್ಯದ ಟಿಕ್‌ಟಾಕಿನಲ್ಲಿ, 2025ರ ರಂಜಾನ್ ಹೊತ್ತಿನಲ್ಲಿ. ಸಹೂರ್ ಎಂದರೆ ರಂಜಾನ್ ಉಪವಾಸದವರು ಬೆಳಗಿನ ಜಾವಕ್ಕೂ ಮೊದಲು ಮಾಡುವ ಊಟ. ಇಂಡೋನೇಷ್ಯದ ಊರುಗಳಲ್ಲಿ ಹುಡುಗರು ಮರದ ಕೊರಡು, ಡೋಲು ಬಡಿಯುತ್ತಾ ಬೀದಿ ಸುತ್ತಿ ಜನರನ್ನು ಎಬ್ಬಿಸುತ್ತಾರೆ. ಆ ಬಡಿತದ ಸದ್ದೇ ಟುಂಗ್ ಟುಂಗ್. ಮೂರು ಸಲ ಕರೆದರೂ ಏಳದವರ ಮನೆಗೆ ಇವನು ಬರುತ್ತಾನೆ ಎಂದು ಮೂಲ ವಿಡಿಯೋ ಹೆದರಿಸುತ್ತದೆ. ಇವನು ಎಂದರೆ ಕಣ್ಣು ಬಾಯಿ ಇರುವ ಒಂದು ಮರದ ತುಂಡು, ಕೈಯಲ್ಲಿ ಬೇಸ್‌ಬಾಲ್ ಬ್ಯಾಟು.

ಹಾಗಾದರೆ ಯಾವ ಬುಟ್ಟಿ? ಟೊಳ್ಳಿನದೇ. ಬೈಗುಳವಿಲ್ಲ, ಹೊಲಸಿಲ್ಲ. ಆದರೂ ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಮನೆಯಲ್ಲಿರುವ ಚಿಕ್ಕ ಮಗು. ಒಂಬತ್ತು ವರ್ಷದ ಅಣ್ಣನಿಗೆ ಇದು ತಮಾಷೆ, ಐದು ವರ್ಷದ ತಂಗಿಗೆ ರಾತ್ರಿ ಕಿಟಕಿಯ ಹೊರಗೆ ನಿಂತ ಗುಮ್ಮ. ಒಬ್ಬಳೇ ಬಚ್ಚಲಿಗೆ ಹೋಗಲು ಅವಳು ಇದ್ದಕ್ಕಿದ್ದಂತೆ ಹೆದರತೊಡಗಿದ್ದರೆ ಈ ಮರದ ತುಂಡನ್ನೂ ನೆನಪಿಸಿಕೊಳ್ಳಿ. "ಅದೆಲ್ಲ ಸುಳ್ಳು, ಮಲಕ್ಕೋ" ಎಂದರೆ ಕೆಲಸ ಮಾಡದು. ಹಗಲಿನಲ್ಲಿ ಪೇಪರು ಪೆನ್ಸಿಲ್ ಕೊಟ್ಟು ಅವಳ ಕೈಯಲ್ಲೇ ಅದನ್ನು ಬರೆಸಿ, "ಇವನು ಅಲಾರಂ ಕಣೇ, ಊಟಕ್ಕೆ ಎಬ್ಬಿಸೋನು" ಎಂದು ಸಹೂರ್‌ನ ಕಥೆ ಹೇಳಿ. ಗುಮ್ಮನಿಗೆ ಒಂದು ಕೆಲಸ ಕೊಟ್ಟರೆ ಅರ್ಧ ಭಯ ಹೋಗುತ್ತದೆ. ಎರಡು, ಅಣ್ಣ ಇದನ್ನು ಮುಸ್ಲಿಂ ಗೆಳೆಯನ ಮುಂದೆ ಅಣಕದ ರಾಗದಲ್ಲಿ ಹೇಳುತ್ತಿದ್ದಾನೆಯೇ? ಹೇಳುತ್ತಿದ್ದರೆ ಸಹೂರ್ ಎಂದರೆ ಆ ಗೆಳೆಯನ ಮನೆಯ ಊಟದ ಹೆಸರು ಎಂದು ತಿಳಿಸಿ. ಹೆಚ್ಚಿನ ಮಕ್ಕಳಿಗೆ ಅಷ್ಟು ಸಾಕಾಗುತ್ತದೆ.

ಹೆಜ್ಜೆ 4: ಮಗುವಿನ ಹತ್ತಿರ ಏನು ಹೇಳುವುದು

ಟೊಳ್ಳು ಪದಕ್ಕೆ ನಿಷೇಧ ಹಾಕಿದರೆ ಅದಕ್ಕೆ ಜೀವ ಬರುತ್ತದೆ. ಇಲ್ಲದ ಅರ್ಥವನ್ನು ನಿಮ್ಮ ಸಿಟ್ಟೇ ತುಂಬಿಕೊಡುತ್ತದೆ: ಅಪ್ಪನ ಮುಖ ಕೆಂಪಾಗಿಸುವ ಪದ ಎಂದು. ಬದಲಿಗೆ ಜಾಗ ಗೊತ್ತು ಮಾಡಿ. ಊಟದ ಹೊತ್ತು, ಹೋಮ್‌ವರ್ಕ್, ಅಜ್ಜಿ ತಾತ ಫೋನ್ ಮಾಡಿದಾಗ ಬೇಡ. ಅಂಗಳದಲ್ಲಿ ಎಷ್ಟಾದರೂ ಕೂಗು. ಈ ಪದಗಳನ್ನು ಬೇಗ ಸಾಯಿಸುವ ಇನ್ನೊಂದು ಉಪಾಯವೆಂದರೆ ದೊಡ್ಡವರೇ ಅವನ್ನು ಬಳಸುವುದು. ಸಿಕ್ಸ್ ಸೆವೆನ್ ಅಂತೂ ಕನ್ನಡದವರ ಕೈಗೆ ತಾನಾಗಿ ಸಿಕ್ಕಿದೆ. ಬೆಳಿಗ್ಗೆ ಹೊದಿಕೆ ಎಳೆದು "ಆರಾಯ್ತು, ಏಳು!" ಅನ್ನಿ, ಕೈ ತಕ್ಕಡಿ ಮಾಡಿಯೇ ಅನ್ನಿ. ನಾಲ್ಕು ದಿನ ದಿನಾ ಹಾಗೇ ಎಬ್ಬಿಸಿದರೆ ಹುಡುಗನೇ "ಅಮ್ಮಾ, ಪ್ಲೀಸ್, ಬೇಡ" ಎನ್ನುತ್ತಾನೆ. ಕ್ಲಾಸಿನಲ್ಲಿ 67ನೇ ಪುಟ ಬಂದಾಗ ಗದ್ದಲ ಎದ್ದರೆ ಟೀಚರ್‌ಗಳಿಗೂ ಹೀಗೊಂದು ದಾರಿಯಿದೆ: ಕೂಗಿದವರಿಗೆ "ಆರೇಳ್ಲಿ ಎಷ್ಟು?" ಎಂದು ತಣ್ಣಗೆ ಕೇಳಿ, ನಲವತ್ತೆರಡು ಬರುವವರೆಗೆ ಕಾದು, ಪಾಠ ಮುಂದುವರಿಸುವುದು.

ಕೊಳಕು ಬೇರಿನ ಪದಕ್ಕೆ ಈ ಆಟ ನಡೆಯುವುದಿಲ್ಲ. ಅಲ್ಲಿ ಮೊದಲು ಕೇಳಿ: "ಅದೇನೋ ಅದು ಗ್ಯಾಟ್ ಅಂದ್ರೆ? ನಿನಗೇನು ಗೊತ್ತು ಹೇಳು." ಮಗು ಹೇಳುವ ಅರ್ಥ ಕೇಳಿಸಿಕೊಂಡು, ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿನ ಅರ್ಥ ಹೇಳಿ. ಎಂಟು ವರ್ಷದವನಿಗೆ "ಹುಡುಗಿಯರ ಮೈ ನೋಡಿ ಅಣಕಿಸೋ ಮಾತು ಅದು, ಅವರಿಗೆ ನಾಚಿಕೆ ಆಗುತ್ತೆ" ಎಂದರೆ ಸಾಕು. ಹನ್ನೆರಡರವಳಿಗೆ ನೇರ ಅರ್ಥ ಹೇಳುವುದೇ ಒಳ್ಳೆಯದು. ನೀವು ಹೇಳದಿದ್ದರೆ ಅವಳು ಹುಡುಕಿಕೊಳ್ಳುತ್ತಾಳೆ, ಹುಡುಕಿದರೆ ಏನು ಸಿಗುತ್ತದೆಂದು ಈಗಾಗಲೇ ನೋಡಿದ್ದೀರಿ. ಹೇಳುವಾಗ ಉಳಿದವರು ಇರಬಾರದು. ತಮ್ಮ, ಅತ್ತೆ, ಪಕ್ಕದ ಮನೆಯವರ ಮುಂದೆ ಮಗುವಿನ ಪದವನ್ನು ವಿಚಾರಣೆಗೆ ಹಾಕಿದರೆ ಮುಂದಿನ ಪದ ನಿಮ್ಮ ಕಿವಿಗೆ ಬೀಳುವುದೇ ಇಲ್ಲ.

ಹೆಜ್ಜೆ 5: ಫೋನಿನ ಒಳಗಿನ ಕೆಲಸ

ಒಂದೇ ಸದ್ದು ಬಾಯಿಗೆ ಅಂಟಿಕೊಳ್ಳುವುದು ಏಕೆ ಎಂದು ಒಂದು ಲೆಕ್ಕ ಹಾಕಿ. ಹದಿನೈದು ಸೆಕೆಂಡಿನ ವಿಡಿಯೋ ಆದರೆ ಅರ್ಧ ಗಂಟೆಗೆ 120. ಶಾರ್ಟ್ಸ್, ರೀಲ್ಸ್ ಎರಡರಲ್ಲೂ ಒಬ್ಬರ ಆಡಿಯೋವನ್ನು ಇನ್ನೊಬ್ಬರು ತಮ್ಮ ಚಿತ್ರಕ್ಕೆ ಹಾಕಿಕೊಳ್ಳಬಹುದು. ಹತ್ತರಲ್ಲಿ ಒಂದು ವಿಡಿಯೋದಲ್ಲಿ ಅದೇ ಸದ್ದಿದ್ದರೂ ಅರ್ಧ ಗಂಟೆಯಲ್ಲಿ ಹನ್ನೆರಡು ಸಲ ಕಿವಿಗೆ ಬಿತ್ತು. ಮಗ್ಗಿಯನ್ನು ಅಷ್ಟು ಸಲ ಹೇಳಿಸಿದರೆ ಅದೂ ಅಂಟುತ್ತಿತ್ತು. ಆದ್ದರಿಂದ ಪದದ ಬೆನ್ನು ಹತ್ತುವುದಕ್ಕಿಂತ ಫೀಡ್ ಬದಲಿಸುವುದು ಲೇಸು. ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್‌ನಿಂದ ನಿಷೇಧದಲ್ಲಿರುವುದರಿಂದ ಇಲ್ಲಿಯ ಮಕ್ಕಳಿಗೆ ಇದೆಲ್ಲ ಮುಖ್ಯವಾಗಿ ಯೂಟ್ಯೂಬ್ ಶಾರ್ಟ್ಸ್, ರೀಲ್ಸ್ ಮತ್ತು ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟಗಳ ತಾಣದ ಮೂಲಕ ಬರುತ್ತದೆ. ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿರುವ ಕನ್ನಡದ ಮನೆಗಳವರು ಟಿಕ್‌ಟಾಕನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯೂಟ್ಯೂಬಿನಲ್ಲಿ ಹೀಗೆ ಮಾಡಿ. `You` ಒತ್ತಿ `History` ತೆರೆಯಿರಿ. ಕೊನೆಯ ಮೂವತ್ತು ಶಾರ್ಟ್ಸ್ ಮೇಲೆ ಕಣ್ಣಾಡಿಸಿ. ನಾಲ್ಕೈದು ಮಾತ್ರ ಬ್ರೈನ್‌ರಾಟ್ ಆಗಿದ್ದರೆ ಅವುಗಳ ಪಕ್ಕದ ಮೂರು ಚುಕ್ಕೆ ಒತ್ತಿ `Remove from watch history` ಕೊಡಿ. ಅರ್ಧಕ್ಕಿಂತ ಹೆಚ್ಚು ಅವೇ ಇದ್ದರೆ ಒಂದೊಂದಾಗಿ ಕೀಳುತ್ತಾ ಕೂರಬೇಡಿ, `Clear all watch history` ಮಾಡಿಬಿಡಿ. ನಿಮ್ಮ ಅಡುಗೆ, ಭಜನೆ, ಸುದ್ದಿಯ ಶಿಫಾರಸುಗಳೂ ಅದರ ಜೊತೆ ಹೋಗುತ್ತವೆ, ಅದು ಮಾತ್ರ ಗೊತ್ತಿರಲಿ. ಆಮೇಲೆ ಫೀಡಿನಲ್ಲಿ ಅದೇ ಜಾತಿಯ ವಿಡಿಯೋ ಬಂದಾಗ `Don't recommend this channel` ಒತ್ತಿ. `Not interested` ಅಷ್ಟೇ ಒತ್ತಿದರೆ ಸಾಲದು. ಒಂದೇ ಟ್ರಲಲೇರೊ ನೂರು ಚಾನೆಲ್‌ಗಳಲ್ಲಿ ಇರುವುದರಿಂದ ಮೊದಲ ಕೆಲವು ದಿನ ಕೈ ನೋಯುವಷ್ಟು ಒತ್ತಬೇಕಾದೀತು. ಒಂದು ವಾರವಾದರೂ ಬದಲಾಗದಿದ್ದರೆ ಇನ್ನೊಂದು ಫೋನನ್ನೋ ಟಿವಿಯನ್ನೋ ಅನುಮಾನಿಸಿ. ಟಿವಿಯ ಯೂಟ್ಯೂಬಿನಲ್ಲೂ ಅದೇ ಅಕೌಂಟ್ ಇದ್ದರೆ ಅಲ್ಲಿ ನೋಡಿದ್ದು ಇಲ್ಲಿಗೆ ಬರುತ್ತದೆ.

ಒಂದು ತಪ್ಪು ಕಲ್ಪನೆ ಬಹಳ ಮನೆಗಳಲ್ಲಿದೆ: ಮಗುವಿಗೆ ಯೂಟ್ಯೂಬಿನಲ್ಲಿ ಸೂಪರ್‌ವೈಸ್ಡ್ ಅಕೌಂಟ್, ಅಂದರೆ ಅಪ್ಪ ಅಮ್ಮನ ನಿಗಾದಲ್ಲಿ ವಿಡಿಯೋ ಸೋಸಿ ತೋರಿಸುವ ಅಕೌಂಟ್, ಮಾಡಿಕೊಟ್ಟರೆ ಇದೆಲ್ಲ ನಿಲ್ಲುತ್ತದೆ ಎಂದು. ಹಾಗೇನಿಲ್ಲ. ಆ ಸೋಸುವಿಕೆ ಹಿಡಿಯುವುದು ಮುಖ್ಯವಾಗಿ ಲೈಂಗಿಕತೆ, ಹಿಂಸೆ, ದೊಡ್ಡವರ ಭಾಷೆಯನ್ನು. ಮೂರು ಕಾಲಿನ ಶಾರ್ಕ್ ಅದರ ಕಣ್ಣಿಗೆ ಮಕ್ಕಳ ಕಾರ್ಟೂನ್, ಇಟಾಲಿಯನ್ ಬೈಗುಳ ಅದರ ಬಲೆಯಿಂದ ಜಾರಬಹುದು. ಎಂಟು ವರ್ಷದ ಒಳಗಿನ ಮಗುವಿಗೆ ಗಟ್ಟಿ ದಾರಿ ಒಂದೇ: ಯೂಟ್ಯೂಬ್ ಕಿಡ್ಸ್ ಹಾಕಿ, ಮಗುವಿನ ಪ್ರೊಫೈಲ್‌ನಲ್ಲಿ `Approved content only` ಆರಿಸಿ, ಹತ್ತು ಹದಿನೈದು ಚಾನೆಲ್ ನೀವೇ ಸೇರಿಸುವುದು. ಹಾಗೆ ಮಾಡಿದರೆ ಹುಡುಕುವ ಸೌಲಭ್ಯವೂ ಇರುವುದಿಲ್ಲ. ಮೊದಲ ದಿನ ಅಳು ಗ್ಯಾರಂಟಿ. ಹನ್ನೊಂದರ ಮೇಲಿನ ಮಗುವಿಗೆ ಇದು ಒಗ್ಗದು. ಅವರಿಗೆ ಮೇಲೆ ಹೇಳಿದ ಹಿಸ್ಟರಿ ಶುದ್ಧಿಯನ್ನು ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಯಲ್ಲೇ ಮಾಡಿಸಿ. ಫೀಡ್ ತನ್ನನ್ನು ಹೇಗೆ ಓದುತ್ತದೆ ಎಂದು ಒಮ್ಮೆ ಕಣ್ಣಾರೆ ಕಂಡ ಮಗುವಿಗೆ ಮುಂದೆ ವಿವರಿಸುವ ಕೆಲಸ ಕಡಿಮೆ.

ರೋಬ್ಲಾಕ್ಸಿನದು ಬೇರೆ ಲೆಕ್ಕ, ಅಲ್ಲಿ ದುಡ್ಡೂ ಹೋಗುತ್ತದೆ. 2025ರಲ್ಲಿ ಬಂದ `Steal a Brainrot` ಎಂಬ ಆಟದಲ್ಲಿ ಇದೇ ಶಾರ್ಕ್, ಮೊಸಳೆಗಳು ಓಡುಪಟ್ಟಿಯ ಮೇಲೆ ಬರುತ್ತವೆ. ಕೊಂಡು ನಿಮ್ಮ ಜಾಗದಲ್ಲಿಟ್ಟರೆ ಅವು ಸೆಕೆಂಡಿಗೆ ಇಷ್ಟೆಂದು ಆಟದ ಹಣ ಗಳಿಸುತ್ತವೆ. ಬೇರೆ ಆಟಗಾರರು ನುಗ್ಗಿ ಕದ್ದೊಯ್ಯಬಹುದು. ವಾರಗಟ್ಟಲೆ ಕೂಡಿಟ್ಟದ್ದು ಒಂದು ಕ್ಷಣದಲ್ಲಿ ಹೋದಾಗ ಮಗು ನಿಜಕ್ಕೂ ಬಿಕ್ಕಿ ಅಳುತ್ತದೆ. ಆ ಅಳುವನ್ನು "ಆಟ ತಾನೇ" ಎಂದು ತಳ್ಳಿಹಾಕಬೇಡಿ, ಮರುಕ್ಷಣ ಮಗು ಕೇಳುವುದು ರೊಬಕ್ಸ್, ಅಂದರೆ ನಿಮ್ಮ ರೂಪಾಯಿ. ಪ್ಲೇ ಸ್ಟೋರಿನ `Settings` ಒಳಗೆ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಿ, ಅದು ನಿಮ್ಮ ಬೆರಳಾಗಿರಲಿ. ರೋಬ್ಲಾಕ್ಸಿನಲ್ಲೇ ಪಾಲಕರ ಅಕೌಂಟ್ ಜೋಡಿಸಿ ತಿಂಗಳ ಖರ್ಚಿಗೆ ಮಿತಿ ಹಾಕಬಹುದು, ಚಾಟ್ ಮುಚ್ಚಬಹುದು.

ಯಾವಾಗ ವೈದ್ಯರ ಹತ್ತಿರ ಹೋಗಬೇಕು

ಒಂಬತ್ತು ವರ್ಷದ ಮಗು ದಿನಕ್ಕೆ ಐವತ್ತು ಸಲ ಟ್ರಲಲೇರೊ ಎಂದು, ನಡುವೆ ಹಸಿವಾಯ್ತು, ಬಾ, ಕೊಡು, ನನಗೆ ಬೇಜಾರಾಗಿದೆ ಎಂದು ಸರಿಯಾಗಿ ಮಾತಾಡುತ್ತಿದ್ದರೆ ವೈದ್ಯರ ಅಗತ್ಯವಿಲ್ಲ. ಎರಡು ಮೂರು ವರ್ಷದ ಮಗುವಿನದು ಹಾಗಲ್ಲ. ವಿಡಿಯೋದ ಸಾಲುಗಳನ್ನು ಗಿಳಿಯ ಹಾಗೆ ಒಪ್ಪಿಸುತ್ತದೆ, ಆದರೆ ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ನೀರು ಬೇಕೆಂದು ತನ್ನ ಮಾತಿನಲ್ಲಿ ಕೇಳುವುದಿಲ್ಲ ಎಂದಾದರೆ ಕಾಯಬೇಡಿ. ಫೋನ್ ಬಿಡಿಸಿದರೆ ಸರಿಹೋಗುತ್ತದೆ ಎಂದು ಆರು ತಿಂಗಳು ಕಳೆಯುವುದು ಇಲ್ಲಿ ಆಗುವ ದೊಡ್ಡ ತಪ್ಪು. ಮಕ್ಕಳ ವೈದ್ಯರಿಗೆ ತೋರಿಸಿ ವಾಕ್ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೇ ಕೆಲಸಕ್ಕಿರುವುದು. ಹೋಗುವಾಗ ಮಗು ಹೇಳುವ ಸಾಲುಗಳ ಪಟ್ಟಿಯನ್ನೂ, ಎರಡು ನಿಮಿಷದ ವಿಡಿಯೋವನ್ನೂ ತೆಗೆದುಕೊಂಡು ಹೋಗಿ; ಹೊಸ ಜಾಗದಲ್ಲಿ ಮಗು ಬಾಯಿ ಬಿಡದಿರಬಹುದು.

ದೊಡ್ಡ ಮಕ್ಕಳಲ್ಲಿ ನೋಡಬೇಕಾದ್ದು ಪದವನ್ನಲ್ಲ, ಫೋನ್ ತೆಗೆದಿಟ್ಟಾಗ ಏನಾಗುತ್ತದೆ ಎಂಬುದನ್ನು. ಅರ್ಧ ಗಂಟೆ ಮುಖ ಊದಿಸಿಕೊಂಡು ಆಮೇಲೆ ಆಟಕ್ಕೆ ಹೋದರೆ ಸರಿ. ಹೊಡೆಯುವುದು, ಸಾಮಾನು ಒಡೆಯುವುದು, ರಾತ್ರಿ ಕದ್ದು ನೋಡಿ ಬೆಳಿಗ್ಗೆ ಸ್ಕೂಲಿಗೆ ಏಳದಿರುವುದು ವಾರಗಟ್ಟಲೆ ನಡೆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಕರೆ ಮಾಡಿದಾಗ "ಇವನು ಏನೇನೋ ಅಂತಾನೆ" ಎಂದು ಶುರು ಮಾಡದೆ, ದಿನಕ್ಕೆ ಎಷ್ಟು ಗಂಟೆ ನೋಡುತ್ತಾನೆ, ಎಷ್ಟು ಹೊತ್ತಿಗೆ ಮಲಗುತ್ತಾನೆ, ಫೋನ್ ತೆಗೆದಾಗ ಏನು ಮಾಡಿದ ಎಂಬ ಮೂರನ್ನು ಹೇಳಿ.